ಆಯಿತು ಅಥವಾ ಇಲ್ಲ: ಐವರ ಗುರುವಾರದ ಸಭೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಆಡಿ ಎಂದು ಸಮಿತಿಯವರು ಹೇಳಿದ್ದರು. ನನ್ನ ಕೆಲಸದ ಜಾಗದಲ್ಲಿ ನಾನು ಕಂಡದ್ದರಲ್ಲಿ ಈ ಊರಿಗೂ ಉಪಯೋಗಕ್ಕೆ ಬರುವಂಥದ್ದು ಕಂಪ್ಯೂಟರ್ ಅಲ್ಲ, ಒಂದು ನೋಟ್‌ಬುಕ್ಕು. ಅದರ ಬಗ್ಗೆ ಹೇಳುತ್ತೇನೆಂದು ಅವರ ಅಪ್ಪಣೆ ಪಡೆದಿದ್ದೇನೆ.

ನಾವು ಐದು ಜನ ಸಹೋದ್ಯೋಗಿಗಳು ಬೆಂಗಳೂರಿನ ಒಂದು ಕಚೇರಿಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಒಂದೂಕಾಲಿಗೆ ಸೇರಿ, ಮುಕ್ಕಾಲು ಗಂಟೆ ಕುಳಿತು ಏಳುತ್ತೇವೆ. ಪ್ರತಿಯೊಬ್ಬರೂ ಹಿಂದಿನ ವಾರ ಏನು ಮಾಡುತ್ತೇನೆಂದು ಹೇಳಿದ್ದರೋ ಅದು ಆಯಿತೇ ಇಲ್ಲವೇ ಎಂದು ಹೇಳಬೇಕು, ಮುಂದಿನ ವಾರ ಏನು ಮಾಡುತ್ತಾರೆಂದು ಹೇಳಬೇಕು. ಅದು ನೋಟ್‌ಬುಕ್ಕಿನಲ್ಲಿ ದಾಖಲಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಪಿಯರ್ ಅಕೌಂಟಬಿಲಿಟಿ ಗ್ರೂಪ್ ಎನ್ನುತ್ತಾರೆ. ಕನ್ನಡದಲ್ಲಿ ಹೊಣೆಗುಂಪು ಎನ್ನೋಣ. ಸಮಾನರು ಸಮಾನರಿಗೆ ಲೆಕ್ಕ ಒಪ್ಪಿಸುವ ಗುಂಪು.

ಕಚೇರಿಯಲ್ಲಿ ಲೆಕ್ಕ ಕೇಳುವವರಿಗೆ ಬರವಿಲ್ಲ. ನಮ್ಮ ಕಸುಬಿನಲ್ಲಿ ಬೆಳಿಗ್ಗೆ ದಿನಾ ಹದಿನೈದು ನಿಮಿಷದ ಸಭೆ ಇರುತ್ತದೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಅಡ್ಡಿ ಏನಿದೆ ಎಂದು ಅಲ್ಲಿ ಹೇಳುತ್ತೇವೆ. ಆದರೆ ಅದು ಕಂಪನಿಯ ಕೆಲಸದ ಲೆಕ್ಕ. ಯಾರೂ ಕೇಳದ ಕೆಲಸಗಳು ಬೇರೆ ಇರುತ್ತವೆ. ಅವಕ್ಕೆ ಗಡುವು ಕೊಡುವವರಿಲ್ಲ, ಮಾಡದಿದ್ದರೆ ಬೈಯುವವರೂ ಇಲ್ಲ. ವರ್ಷ ಕಳೆದ ಮೇಲೆ ನಷ್ಟ ಮಾತ್ರ ನಮ್ಮದೇ.

ನಮ್ಮ ಐವರ ಕೆಲಸಗಳನ್ನು ಹೇಳಿದರೆ ಅರ್ಥವಾಗುತ್ತದೆ. ಒಬ್ಬರು ಕೆಲಸ ಮಾಡುತ್ತಲೇ ಎಂ.ಟೆಕ್. ಓದುತ್ತಿದ್ದರು, ಪ್ರಬಂಧ ಬರೆಯುವುದು ಬಾಕಿ ಉಳಿದಿತ್ತು. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ, ವೈದ್ಯರು ದಿನಾ ನಡೆಯಿರಿ ಎಂದಿದ್ದರು. ಇನ್ನೊಬ್ಬ ಗೆಳೆಯನ ತಂದೆ ತೀರಿಹೋಗಿ ಮೂರು ವರ್ಷವಾಗಿದ್ದರೂ ಜಮೀನಿನ ಪೌತಿ ಖಾತೆ ಆಗಿರಲಿಲ್ಲ. ನಾನು ಒಂದು ಕ್ಲೌಡ್ ಪರೀಕ್ಷೆಗೆ ಓದುತ್ತಿದ್ದೆ. ಐದನೆಯವರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮೆಲ್ಲರಲ್ಲಿ ಕಳೆದುಕೊಳ್ಳುವುದು ಹೆಚ್ಚಿದ್ದದ್ದು ಅವರಿಗೇ.

ಅವರು ಟೆಸ್ಟಿಂಗ್ ವಿಭಾಗದವರು. ತಂತ್ರಾಂಶ ಸಿದ್ಧವಾದ ಮೇಲೆ ಅದನ್ನು ಜನರ ಕೈಗೆ ಕೊಡುವ ಮೊದಲು ಕೂತು ಪರೀಕ್ಷಿಸುವುದು ಅವರ ಕೆಲಸ. ಹೆಸರು ತುಂಬಿ ನೋಡು, ತಪ್ಪು ಪಾಸ್‌ವರ್ಡ್ ಕೊಟ್ಟು ನೋಡು, ಗುಂಡಿ ಒತ್ತಿ ನೋಡು, ಹೀಗೆ ನೂರಾರು. ಒಂದು ಸಣ್ಣ ಬದಲಾವಣೆ ಆದರೂ ಇವೆಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕು. ಇದನ್ನೇ ಪ್ರೋಗ್ರಾಮ್ ಬರೆದು ಯಂತ್ರದಿಂದ ಮಾಡಿಸುವುದಕ್ಕೆ ಆಟೊಮೇಷನ್ ಎನ್ನುತ್ತಾರೆ. ಕೈಯಲ್ಲಿ ಮಾತ್ರ ಪರೀಕ್ಷಿಸಬಲ್ಲವರಿಗೆ ನಮ್ಮ ಕಚೇರಿಯಲ್ಲಿ ಜಾಗ ಕಡಿಮೆಯಾಗುತ್ತಾ ಬಂದಿತ್ತು. ಅವರು ಹೆರಿಗೆ ರಜೆ ಮುಗಿಸಿ ಬಂದಾಗ ಅವರ ತಂಡದಲ್ಲಿದ್ದ ನಾಲ್ವರಲ್ಲಿ ಇಬ್ಬರು ಬೇರೆ ಕಡೆ ಹೋಗಿದ್ದರು, ಆ ಜಾಗಗಳನ್ನು ತುಂಬಿರಲಿಲ್ಲ. ಕಲಿಯಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎಂಟು ತಿಂಗಳು ಕಳೆದಿತ್ತು.

ಗುಂಪು ಕಟ್ಟುವಾಗ ನಾವು ಇಡೀ ಮಹಡಿಗೆ ಇ-ಮೇಲ್ ಕಳಿಸಲಿಲ್ಲ. ಒಬ್ಬೊಬ್ಬರನ್ನೇ ಕಾಫಿಗೆ ಕರೆದು, "ಇನ್ನು ಹನ್ನೆರಡು ವಾರದಲ್ಲಿ ಮುಗಿಸಬೇಕು ಅಂತ ನಿಮ್ಮ ತಲೆಯಲ್ಲಿ ಇರೋ ಕೆಲಸ ಯಾವುದು?" ಎಂದು ಕೇಳಿದೆವು. ತಕ್ಷಣ ಒಂದು ಕೆಲಸದ ಹೆಸರು ಹೇಳಿದವರನ್ನು ಮಾತ್ರ ಸೇರಿಸಿಕೊಂಡೆವು. "ಒಳ್ಳೇ ಐಡಿಯಾ, ನಾನೂ ಬರ್ತೀನಿ" ಎಂದು ಉತ್ಸಾಹ ತೋರಿಸಿ, ಕೆಲಸದ ಹೆಸರು ಮಾತ್ರ ಹೇಳದವರು ಮೂರನೇ ವಾರಕ್ಕೆ ಬರುವುದಿಲ್ಲ. ಇದು ಯಾವ ಸಂಘ ಕಟ್ಟಿದವರಿಗೂ ಗೊತ್ತಿರುವ ವಿಷಯ.

ಐದೇ ಜನ ಯಾಕೆ ಎಂದರೆ, ಒಬ್ಬರಿಗೆ ಆರು ನಿಮಿಷ ಬೇಕು. ಐವರಿಗೆ ಮೂವತ್ತು ನಿಮಿಷ. ಎಂಟು ಜನರಾದರೆ ನಲವತ್ತೆಂಟು ನಿಮಿಷ, ಊಟದ ವಿರಾಮದಲ್ಲಿ ಮುಗಿಯುವುದಿಲ್ಲ. ಮೂವರೇ ಆದರೆ ಒಬ್ಬರು ಬಾರದ ದಿನ ಅದು ಸಭೆಯಾಗಿ ಉಳಿಯುವುದಿಲ್ಲ, ಹರಟೆಯಾಗುತ್ತದೆ. ಗುರುವಾರ ಯಾಕೆ ಎಂದರೆ, ನಮ್ಮಲ್ಲಿ ಸೋಮವಾರ ಯೋಜನೆಯ ಸಭೆಗಳು, ಶುಕ್ರವಾರ ಸಂಜೆ ಅರ್ಧ ಬೆಂಗಳೂರು ಊರಿನ ಬಸ್ಸು ಹತ್ತುವ ಆತುರದಲ್ಲಿರುತ್ತದೆ. ನಿಮ್ಮ ಕೆಲಸದ ಜಾಗದಲ್ಲಿ ಬೇರೆ ದಿನ ಸರಿಹೋಗಬಹುದು. ದಿನ ಯಾವುದಾದರೂ ಆಗಲಿ, ಒಮ್ಮೆ ಗೊತ್ತು ಮಾಡಿದ ಮೇಲೆ ಅದನ್ನು ಬದಲಿಸಬಾರದು. "ಈ ವಾರ ಶುಕ್ರವಾರಕ್ಕೆ ಹಾಕಿಕೊಳ್ಳೋಣವಾ?" ಎಂದು ಒಬ್ಬರು ಕೇಳಿದರೆ, ಮುಂದಿನ ವಾರ ಇನ್ನೊಬ್ಬರು ಕೇಳುತ್ತಾರೆ. ಬಂದಷ್ಟು ಜನ ಕೂತು, ಹೇಳಿದ ಹೊತ್ತಿಗೆ ಶುರು ಮಾಡುವುದೇ ನಮ್ಮ ಪದ್ಧತಿ.

ಈ ಸಭೆಯ ಪ್ರಾಣ ಇರುವುದು ಮಾತು ಕೊಡುವ ರೀತಿಯಲ್ಲಿ. ಮೊದಲ ದಿನ ನಮ್ಮ ಟೆಸ್ಟಿಂಗ್ ಗೆಳತಿ ಹೇಳಿದ್ದು: "ಆಟೊಮೇಷನ್ ಕಲಿಯುತ್ತೇನೆ." ನೋಟ್‌ಬುಕ್ ಹಿಡಿದಿದ್ದವರು ಕೇಳಿದರು: "ಮುಂದಿನ ಗುರುವಾರ ನಾನು ಆಯಿತಾ ಅಂತ ಕೇಳಿದರೆ, ಆಯಿತು ಅಥವಾ ಇಲ್ಲ ಅಂತ ಒಂದೇ ಪದದಲ್ಲಿ ಹೇಳೋಕೆ ಆಗುತ್ತಾ?" ಆಗುವುದಿಲ್ಲ. ಕಲಿಯುವುದು ಎಂದೂ ಮುಗಿಯದ ಕೆಲಸ. ಸ್ವಲ್ಪ ಆಯಿತು, ನೋಡ್ತಾ ಇದ್ದೀನಿ, ವಿಡಿಯೋ ಶುರು ಮಾಡಿದ್ದೀನಿ, ಇಂಥ ಉತ್ತರಗಳಿಗೆ ಅದು ಬಾಗಿಲು ತೆರೆದಿಡುತ್ತದೆ. ಹತ್ತು ನಿಮಿಷ ಮಾತಾಡಿದ ಮೇಲೆ ಅದು ಹೀಗಾಯಿತು: "ಸೋಮವಾರ, ಬುಧವಾರ ರಾತ್ರಿ 9ರಿಂದ 9:45ರವರೆಗೆ ಕೂತು, ಸೆಲೆನಿಯಂ ಹಾಕಿಕೊಂಡು, ಲಾಗಿನ್ ಪುಟಕ್ಕೆ ಒಂದು ಪರೀಕ್ಷೆ ಬರೆದು ಓಡಿಸುತ್ತೇನೆ." ಸೆಲೆನಿಯಂ ಎಂದರೆ ಬ್ರೌಸರನ್ನು ಮನುಷ್ಯನ ಬದಲು ಪ್ರೋಗ್ರಾಮಿನಿಂದ ನಡೆಸುವ ಒಂದು ಉಚಿತ ಸಾಧನ. ಈಗ ಅದರಲ್ಲಿ ದಿನ ಇದೆ, ಹೊತ್ತು ಇದೆ, ಕೊನೆಯಲ್ಲಿ ಕಣ್ಣಿಗೆ ಕಾಣುವ ವಸ್ತು ಇದೆ.

ಹೀಗೆ ಹೊತ್ತು ಸಮೇತ ಹೇಳುವುದಕ್ಕೆ ಆಧಾರವಿದೆ. ಪೀಟರ್ ಗಾಲ್ವಿಟ್ಜರ್ ಎಂಬ ಜರ್ಮನ್ ಮನೋವಿಜ್ಞಾನಿ ಇದನ್ನು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಇಂಥದ್ದು ಮಾಡಬೇಕು ಎಂದುಕೊಳ್ಳುವುದಕ್ಕಿಂತ, ಇಂಥ ಹೊತ್ತಿನಲ್ಲಿ ಇಂಥ ಜಾಗದಲ್ಲಿ ಹೀಗೆ ಮಾಡುತ್ತೇನೆ ಎಂದು ಗೊತ್ತು ಮಾಡಿಕೊಂಡವರು ಕೆಲಸ ಮುಗಿಸುವುದು ಹೆಚ್ಚು ಎಂದು ಅವರು 1999ರ ಲೇಖನದಲ್ಲಿ ತೋರಿಸಿದರು. ಅವರೇ ಸಂಗಡಿಗರೊಂದಿಗೆ 2009ರಲ್ಲಿ ಇನ್ನೊಂದು ವಿಷಯ ಪ್ರಕಟಿಸಿದರು. ಅದು ನಮ್ಮಂಥ ಗುಂಪುಗಳಿಗೆ ಎಚ್ಚರಿಕೆ. ಕಾನೂನು ವಿದ್ಯಾರ್ಥಿಗಳ ಮೇಲೆಯೂ ನಡೆದ ಆ ಪ್ರಯೋಗಗಳಲ್ಲಿ, ತಾನು ಏನಾಗಬೇಕೆಂದಿದ್ದಾನೋ ಅದಕ್ಕೆ ಸಂಬಂಧಿಸಿದ ಸಂಕಲ್ಪವನ್ನು ಇನ್ನೊಬ್ಬರ ಗಮನಕ್ಕೆ ತಂದವರು, ತರದವರಿಗಿಂತ ಕಡಿಮೆ ಶ್ರಮ ಹಾಕಿದರು. ನಾಲ್ಕು ಜನರ ಮುಂದೆ ಹೇಳಿದೊಡನೆ ಮನಸ್ಸಿಗೆ ಅರ್ಧ ಆಗಿಬಿಟ್ಟ ಹಾಗೆ ತೃಪ್ತಿ. ಆದ್ದರಿಂದ ನಮ್ಮ ಸಭೆಯಲ್ಲಿ ಏನಾಗುತ್ತೇನೆ ಎಂಬ ಮಾತಿಗೆ ಜಾಗವಿಲ್ಲ, ಬುಧವಾರ ಏನು ಮಾಡುತ್ತೇನೆ ಎಂಬುದಕ್ಕೆ ಮಾತ್ರ.

ಮಾತು ಕೊಡುವಾಗ ಇನ್ನೊಂದನ್ನು ನೋಡಬೇಕು. ಪೌತಿ ಖಾತೆಯ ಗೆಳೆಯ ಮೊದಲು ಹೇಳಿದ್ದು, "ಈ ತಿಂಗಳಲ್ಲಿ ಖಾತೆ ಮಾಡಿಸುತ್ತೇನೆ." ಇಲ್ಲಿ ಕೂತಿರುವ ಹಿರಿಯರು ನಗುತ್ತಿದ್ದೀರಿ. ಖಾತೆ ಆಗುವುದು ಅವನ ಕೈಯಲ್ಲಿಲ್ಲ. ಅರ್ಜಿ ಕೊಡುವುದು ಅವನ ಕೈಯಲ್ಲಿದೆ. ಹಾಗಾಗಿ ಅದನ್ನು ತುಂಡು ಮಾಡಿದೆವು. ಒಂದು ವಾರ ತಂದೆಯ ಮರಣ ಪ್ರಮಾಣಪತ್ರದ ಪ್ರತಿ ತೆಗೆಸುವುದು. ಇನ್ನೊಂದು ವಾರ ಇಬ್ಬರು ಅಕ್ಕಂದಿರಿಗೂ ಫೋನ್ ಮಾಡಿ ಮಾತಾಡುವುದು. ಮತ್ತೊಂದು ವಾರ ಒಂದು ದಿನ ರಜೆ ಹಾಕಿ ಊರಿಗೆ ಹೋಗಿ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡುವುದು. ನಿಜವಾಗಿ ಅವನನ್ನು ಮೂರು ವರ್ಷ ತಡೆದದ್ದು ನಾಡಕಚೇರಿಯಲ್ಲ, ಅಕ್ಕಂದಿರ ಜೊತೆ ಆಡಬೇಕಾಗಿದ್ದ ಆ ಮಾತು. ಕೆಲಸವನ್ನು ತುಂಡು ಮಾಡಿದಾಗ ಯಾವ ತುಂಡಿನ ಹತ್ತಿರ ಮನಸ್ಸು ಹಿಂಜರಿಯುತ್ತದೆಂದು ತಾನಾಗಿ ಕಾಣುತ್ತದೆ.

ಈಗ ಸಭೆ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ವಾರಕ್ಕೊಬ್ಬರು ಸರದಿಯಲ್ಲಿ ಸಭೆ ನಡೆಸುತ್ತಾರೆ. ಅವರ ಕೈಯಲ್ಲೇ ನೋಟ್‌ಬುಕ್ಕು, ಅವರ ಮೊಬೈಲಿನಲ್ಲೇ ಗಡಿಯಾರ. ಮೊದಲ ಐದು ನಿಮಿಷದಲ್ಲಿ ಹಿಂದಿನ ವಾರದ ಪುಟವನ್ನು ಗಟ್ಟಿಯಾಗಿ ಓದುತ್ತಾರೆ. ಅವರವರ ಮಾತನ್ನು ಅವರೇ ನೆನಪಿಸಿಕೊಂಡು ಹೇಳಿದರೆ ಅದು ವಾರದಲ್ಲಿ ಸ್ವಲ್ಪ ಸಣ್ಣದಾಗಿರುತ್ತದೆ, ಅದಕ್ಕೇ ಬರೆದದ್ದನ್ನು ಓದುವುದು. ಆಮೇಲೆ ಒಬ್ಬೊಬ್ಬರಿಗೆ ಆರು ನಿಮಿಷ. ಮೊದಲ ಮಾತು ಆಯಿತು ಅಥವಾ ಇಲ್ಲ ಎಂಬುದೇ ಆಗಿರಬೇಕು. ಪೀಠಿಕೆ ಇರಕೂಡದು. ನಂತರ, ಅಡ್ಡಿ ಏನು ಬಂತು ಎಂದು ಒಂದೇ ವಾಕ್ಯ. ಉಳಿದ ನಾಲ್ಕು ನಿಮಿಷವೆಲ್ಲ ಮುಂದಿನ ವಾರದ ಮಾತನ್ನು ಗಟ್ಟಿ ಮಾಡುವುದಕ್ಕೆ. ಐವರದೂ ಮುಗಿದ ಮೇಲೆ ಹತ್ತು ನಿಮಿಷ ಉಳಿಯುತ್ತದೆ. ಆ ಹೊತ್ತು ಯಾರಾದರೂ ಒಬ್ಬರು ಕೇಳಿಕೊಂಡರೆ ಅವರ ತೊಡಕನ್ನು ಎಲ್ಲರೂ ಕೂತು ಯೋಚಿಸುತ್ತೇವೆ. ಯಾರೂ ಕೇಳದಿದ್ದರೆ ಊಟಕ್ಕೆ ಏಳುತ್ತೇವೆ.

ನೋಟ್‌ಬುಕ್ಕಿನ ಒಂದು ನಮೂದು, ಬರೆದವರ ಒಪ್ಪಿಗೆಯಿಂದ, ಓದುತ್ತೇನೆ:

ವಾರ 2.
ಹೇಳಿದ್ದು: ಸೋಮ, ಬುಧ ರಾತ್ರಿ 9ರಿಂದ 9:45, ಲಾಗಿನ್ ಪುಟಕ್ಕೆ ಒಂದು ಪರೀಕ್ಷೆ.
ಆಯಿತೇ: ಇಲ್ಲ. (ಎರಡನೇ ಸಲ)
ಅಡ್ಡಿ: ಒಂಬತ್ತಕ್ಕೆ ಮಗು ಮಲಗುವುದಿಲ್ಲ, ಮಲಗಿದ ಮೇಲೆ ನನಗೆ ಎಚ್ಚರ ಇರುವುದಿಲ್ಲ.
ಮುಂದಿನ ವಾರ: ಸೋಮ, ಬುಧ ಮಧ್ಯಾಹ್ನ 1:30ರಿಂದ 1:55, ಕಚೇರಿಯಲ್ಲೇ. ಸೆಲೆನಿಯಂ ಹಾಕಿಕೊಂಡು ಬ್ರೌಸರಿನಲ್ಲಿ ಒಂದು ಪುಟ ತೆರೆಸುವುದು, ಅಷ್ಟೇ.

ಇಷ್ಟೇ, ನಾಲ್ಕು ಸಾಲು. ಕಂಪ್ಯೂಟರಿನಲ್ಲಿ ಶೀಟು ಮಾಡಿ ಬಣ್ಣ ತುಂಬಬಹುದಿತ್ತು, ನಾವು ಅದೇ ಕಸುಬಿನವರು. ಬೇಡವೆಂದದ್ದಕ್ಕೆ ಕಾರಣ ಆಮೇಲೆ ಹೇಳುತ್ತೇನೆ.

ಆ "ಎರಡನೇ ಸಲ" ಎಂಬುದನ್ನು ಗಮನಿಸಿ. ಒಂದೇ ಮಾತು ಸತತ ಎರಡು ವಾರ "ಇಲ್ಲ" ಆದರೆ, ಮೂರನೇ ವಾರ ಅದೇ ಮಾತನ್ನು ಕೊಡುವ ಹಾಗಿಲ್ಲ ಎಂಬುದು ನಮ್ಮ ನಿಯಮ. ಅರ್ಧ ಮಾಡಬೇಕು, ಅಥವಾ ಹೊತ್ತು ಬದಲಿಸಬೇಕು, ಅಥವಾ ಕೈಬಿಡುತ್ತೇನೆಂದು ಹೇಳಬೇಕು. ಮೂರನೇ ಸಲವೂ "ಈ ವಾರ ಖಂಡಿತ ಮಾಡ್ತೀನಿ" ಎನ್ನುವುದಕ್ಕೆ ಅವಕಾಶವಿಲ್ಲ. ಖಂಡಿತ ಎಂಬ ಪದ ಬಂದರೆ ಒಳಗೆ ಏನೂ ಬದಲಾಗಿಲ್ಲ ಎಂದೇ ಅರ್ಥ. ನಮ್ಮ ಗೆಳತಿ ಹೊತ್ತನ್ನೂ ಬದಲಿಸಿದರು, ಕೆಲಸವನ್ನೂ ಕಡಿಮೆ ಮಾಡಿಕೊಂಡರು. ಆ ಪುಟದಲ್ಲಿ ಯಾರೂ ಅವರಿಗೆ ಬುದ್ಧಿ ಹೇಳಲಿಲ್ಲ. ಒಂಬತ್ತು ಗಂಟೆ ಆಗುವ ಮಾತಲ್ಲ ಎಂಬುದು ಎರಡು "ಇಲ್ಲ" ಒಂದರ ಕೆಳಗೊಂದು ಕಂಡಾಗ ಅವರಿಗೇ ಹೊಳೆಯಿತು.

ಮೂರನೇ ವಾರ ಬ್ರೌಸರ್ ತೆರೆದುಕೊಂಡಿತು. ನಾಲ್ಕು, ಐದನೇ ವಾರ ಒಂದೊಂದು ಪರೀಕ್ಷೆ ಬರೆದರು. ಆರನೇ ವಾರ ಮಗುವಿಗೆ ಜ್ವರ, "ಇಲ್ಲ." ಏಳು, ಎಂಟು, ಒಂಬತ್ತರಲ್ಲಿ ವಾರಕ್ಕೆ ಎರಡು. ಹತ್ತನೇ ವಾರ ಕಚೇರಿಯಲ್ಲಿ ಹೊಸ ಆವೃತ್ತಿ ಬಿಡುಗಡೆ, ಎಲ್ಲರೂ ರಾತ್ರಿ ಹತ್ತರವರೆಗೆ ಕೂತಿದ್ದೆವು, "ಇಲ್ಲ." ಹನ್ನೊಂದು, ಹನ್ನೆರಡರಲ್ಲಿ ಮತ್ತೆ ಎರಡೆರಡು. ಹನ್ನೆರಡು ವಾರಕ್ಕೆ ಎಂಟು "ಆಯಿತು", ನಾಲ್ಕು "ಇಲ್ಲ", ಕೈಯಲ್ಲಿ ಓಡುವ ಹನ್ನೆರಡು ಪರೀಕ್ಷೆಗಳು. ಹನ್ನೆರಡು ಪರೀಕ್ಷೆ ಬರೆದವರನ್ನು ಪರಿಣತರು ಎನ್ನುವುದಿಲ್ಲ. ಆದರೆ ಅವನ್ನು ತಂಡದ ಮುಖ್ಯಸ್ಥರಿಗೆ ಓಡಿಸಿ ತೋರಿಸಬಹುದಿತ್ತು, ಅವರು ತೋರಿಸಿದರು. ಮುಂದಿನ ಆವೃತ್ತಿಗೆ ಆಟೊಮೇಷನ್ ಮಾಡುವ ಇಬ್ಬರಲ್ಲಿ ಅವರದೂ ಹೆಸರು ಬಂತು. ಗುಂಪು ಇರದಿದ್ದರೂ ಅವರು ಮಾಡುತ್ತಿದ್ದರೇನೋ, ಅದನ್ನು ನಾನು ಸಾಧಿಸಿ ತೋರಿಸಲಾರೆ. ನನ್ನ ಕಣ್ಣಿಗೆ ಬಿದ್ದ ವ್ಯತ್ಯಾಸವೆಂದರೆ, ಹಿಂದಿನ ಎಂಟು ತಿಂಗಳಲ್ಲಿ ಒಂಬತ್ತು ಗಂಟೆ ಆಗುವುದಿಲ್ಲ ಎಂಬ ಸಂಗತಿ ಅವರ ಎದುರಿಗೆ ಬಂದಿರಲೇ ಇಲ್ಲ.

ನಿಯಮಗಳು ಕೆಲವೇ. ಅವುಗಳಲ್ಲಿ ಜಗಳ ತಂದದ್ದು ಎರಡು, ಆ ಎರಡನ್ನೇ ವಿವರಿಸುತ್ತೇನೆ.

ಒಂದು, ದಂಡ. ಎರಡನೇ ಸಭೆಯಲ್ಲೇ, ಮಾತು ತಪ್ಪಿದವರು ನೂರು ರೂಪಾಯಿ ಡಬ್ಬಿಗೆ ಹಾಕಲಿ, ತಿಂಗಳ ಕೊನೆಗೆ ದೋಸೆ ತಿನ್ನೋಣ ಎಂಬ ಸಲಹೆ ಬಂತು. ಇಬ್ಬರಿಗೆ ಬಹಳ ಇಷ್ಟವಾಯಿತು. ಲೆಕ್ಕಪತ್ರದ ಹಿರಿಯರು ಒಪ್ಪಲಿಲ್ಲ. ಅವರು ಹೇಳಿದ್ದು, "ನೂರು ರೂಪಾಯಿ ಕೊಟ್ಟರೆ ನಡೆಯದೆ ಇರಬಹುದು ಅಂದರೆ ನಾನು ತಿಂಗಳಿಗೆ ನಾನೂರು ಕೊಟ್ಟು ಮನೆಯಲ್ಲೇ ಇರ್ತೀನಿ." ಅವರ ಮಾತಿಗೆ ಪುಷ್ಟಿ ಕೊಡುವ ಒಂದು ಪ್ರಸಿದ್ಧ ಅಧ್ಯಯನವಿದೆ. ಇಸ್ರೇಲಿನ ಹೈಫಾ ನಗರದ ಶಿಶುಪಾಲನಾ ಕೇಂದ್ರಗಳಲ್ಲಿ, ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ದಂಡ ಹಾಕಿ ನೋಡಿದರು. ಯೂರಿ ಗ್ನೀಝಿ, ಆಲ್ಡೊ ರುಸ್ಟಿಚೀನಿ ಎಂಬ ಅರ್ಥಶಾಸ್ತ್ರಜ್ಞರು ಅದನ್ನು 2000ದಲ್ಲಿ ಪ್ರಕಟಿಸಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ದಂಡ ತೆಗೆದ ಮೇಲೂ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ಮೊದಲು ಟೀಚರನ್ನು ಕಾಯಿಸುತ್ತೇವಲ್ಲಾ ಎಂಬ ಸಂಕೋಚವಿತ್ತು. ದಂಡ ಬಂದ ಮೇಲೆ ಅದು ತಡ ಮಾಡುವುದಕ್ಕೆ ಕಟ್ಟುವ ಶುಲ್ಕವಾಯಿತು. ನಮ್ಮ ಸಭೆಯಲ್ಲಿ ಕೆಲಸ ಮಾಡುವುದು ಆ ಸಂಕೋಚವೇ. ನಾಲ್ಕು ಜನ ಗೆಳೆಯರ ಮುಂದೆ "ಇಲ್ಲ" ಎನ್ನುವ ಒಂದು ಕ್ಷಣ. ಅದಕ್ಕೆ ಬೆಲೆ ಕಟ್ಟಿದರೆ ಅದು ಹೋಗುತ್ತದೆ. ಅದೇ ಕಾರಣಕ್ಕೆ ಆ ಕ್ಷಣವನ್ನು ಎಳೆದು ಅವಮಾನ ಮಾಡುವುದೂ ಸಲ್ಲದು. "ಇಲ್ಲ" ಎಂದವರಿಗೆ "ಯಾಕೆ ಮಾಡಲಿಲ್ಲ?" ಎಂದು ಯಾರೂ ಕೇಳಬಾರದು. "ಅಡ್ಡಿ ಏನು?" ಎಂದು ಮಾತ್ರ ಕೇಳಬಹುದು. ಯಾಕೆ ಎಂದರೆ ನೆಪ ಬರುತ್ತದೆ, ಅಡ್ಡಿ ಏನು ಎಂದರೆ ಮಾಹಿತಿ ಬರುತ್ತದೆ. ಮೇಷ್ಟ್ರುಗಳು ಕ್ಷಮಿಸಬೇಕು, ಹೋಮ್‌ವರ್ಕ್ ವಿಷಯದಲ್ಲೂ ಇದು ನಿಜವಿರಬಹುದು.

ಎರಡು, ಮೇಲಧಿಕಾರಿ. ಒಬ್ಬರ ಕೆಲಸವನ್ನು ಇನ್ನೊಬ್ಬರು ಮೌಲ್ಯಮಾಪನ ಮಾಡುವ ಸಂಬಂಧ ಇದ್ದರೆ ಅವರಿಬ್ಬರೂ ಒಂದೇ ಗುಂಪಿನಲ್ಲಿ ಇರಬಾರದು. ಸಂಬಳ ಏರಿಸುವವರ ಮುಂದೆ "ಇಲ್ಲ" ಎಂದು ಯಾರೂ ನಿಜ ಹೇಳುವುದಿಲ್ಲ. ಈ ನಿಯಮಕ್ಕೆ ಏಳನೇ ವಾರ ಪರೀಕ್ಷೆ ಬಂತು. ನಮ್ಮಲ್ಲೊಬ್ಬರ ಮ್ಯಾನೇಜರಿಗೆ ವಿಷಯ ತಿಳಿದು, ಸಂತೋಷದಿಂದಲೇ, "ಬಹಳ ಚೆನ್ನಾಗಿದೆ, ಆ ಶೀಟು ನನಗೂ ಕಳಿಸಿ, ವಾರ್ಷಿಕ ಮೌಲ್ಯಮಾಪನದಲ್ಲಿ ಇದನ್ನೂ ಸೇರಿಸೋಣ" ಎಂದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಆ ವಾರದ ಪುಟದಲ್ಲಿ ಒಬ್ಬರ ಸಕ್ಕರೆ ಕಾಯಿಲೆ ಇತ್ತು, ಒಬ್ಬರ ಮನೆಯ ಆಸ್ತಿ ಇತ್ತು, ಒಬ್ಬರಿಗೆ ತನ್ನ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯ ಇತ್ತು.

ಆ ಗುರುವಾರ ಸಭೆ ಬಿಗುವಾಗಿತ್ತು. ಎಂ.ಟೆಕ್. ಗೆಳೆಯ, ಒಂದು ಚಂದದ ಪ್ರತಿ ಬೇರೆ ಮಾಡಿ ಕಳಿಸೋಣ ಎಂದ. ಟೆಸ್ಟಿಂಗ್ ಗೆಳತಿ, "ಹಾಗಾದರೆ ನಾನು ನಾಳೆಯಿಂದ ಬರುವುದಿಲ್ಲ" ಎಂದರು. ಕೊನೆಗೆ ಲೆಕ್ಕಪತ್ರದ ಹಿರಿಯರೇ ಹೋಗಿ ಮ್ಯಾನೇಜರ ಹತ್ತಿರ ಮಾತಾಡಿದರು. "ಶೀಟು ಅಂತ ಯಾವುದೂ ಇಲ್ಲ ಸಾರ್, ಒಂದು ನೋಟ್‌ಬುಕ್ ಇದೆ, ಅದು ಕಂಪನಿ ಕೆಲಸದ್ದಲ್ಲ, ನಮ್ಮ ಮನೆ ಕೆಲಸದ್ದು. ಊಟದ ಹೊತ್ತಲ್ಲಿ ಕೂರ್ತೀವಿ" ಎಂದರು. ಅವರು ನಕ್ಕು ಬಿಟ್ಟುಬಿಟ್ಟರು. ಕಂಪ್ಯೂಟರಿನಲ್ಲಿ ಬೇಡ, ಕಾಗದದಲ್ಲಿರಲಿ ಎಂದದ್ದಕ್ಕೆ ಕಾರಣ ಇದೇ. ಕಚೇರಿಯ ಯಂತ್ರದಲ್ಲಿ ಇಟ್ಟದ್ದನ್ನು ಒಂದು ಕ್ಲಿಕ್ಕಿನಲ್ಲಿ ಯಾರಿಗಾದರೂ ಕಳಿಸಬಹುದು, ಕೇಳಿದಾಗ ಇಲ್ಲ ಎನ್ನುವುದೂ ಕಷ್ಟ. ಅಂದಿನಿಂದ ಎರಡು ನಿಯಮ ಸೇರಿಸಿದೆವು. ಕಂಪನಿ ವಹಿಸಿದ ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆಯುವಂತಿಲ್ಲ. ಸಭೆಯಲ್ಲಿ ಆಡಿದ ಮಾತು, ಆಡಿದವರ ಅನುಮತಿ ಇಲ್ಲದೆ ಹೊರಗೆ ಹೋಗುವಂತಿಲ್ಲ. ಇವತ್ತು ನಾನು ಹೇಳುತ್ತಿರುವುದಕ್ಕೂ ನಾಲ್ವರ ಒಪ್ಪಿಗೆ ಕೇಳಿ ಬಂದಿದ್ದೇನೆ.

ಇದನ್ನೆಲ್ಲ ಕೇಳುತ್ತಾ ಇಲ್ಲಿರುವ ಅಮ್ಮಂದಿರಿಗೆ ಇದು ಹೊಸದೇನೂ ಅಲ್ಲ ಅನ್ನಿಸುತ್ತಿರಬಹುದು. ನಿಜ. ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರು ಮಾಡಿತು. ಇವತ್ತಿಗೂ ಸಂಘ ಚೆನ್ನಾಗಿದೆಯೇ ಎಂದು ಅಳೆಯಲು ಪಂಚಸೂತ್ರ ಎಂದು ಐದು ನೋಡುತ್ತಾರೆ: ನಿಯಮಿತ ಸಭೆ, ನಿಯಮಿತ ಉಳಿತಾಯ, ಒಳಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಸರಿಯಾದ ಲೆಕ್ಕದ ಪುಸ್ತಕ. ಅಲ್ಲಿ ಹಣ ಇದೆ, ನಮ್ಮಲ್ಲಿ ಮಾತು ಇದೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಸಂಘದಲ್ಲಿ ಒಬ್ಬರು ಕಂತು ಕಟ್ಟದಿದ್ದರೆ ಉಳಿದವರಿಗೂ ಪೆಟ್ಟು, ಆದ್ದರಿಂದ ಒತ್ತಾಯ ಮಾಡುವ ಹಕ್ಕು ಅವರಿಗಿದೆ. ನಮ್ಮಲ್ಲಿ ಒಬ್ಬರು ನಡೆಯದಿದ್ದರೆ ಉಳಿದವರ ಸಕ್ಕರೆ ಏರುವುದಿಲ್ಲ. ಹಾಗಾಗಿ ನಮಗೆ ಒತ್ತಾಯದ ಹಕ್ಕಿಲ್ಲ, ಕೇಳುವ ಹಕ್ಕು ಮಾತ್ರ ಇದೆ. ಈ ಗೆರೆಯನ್ನು ಮರೆತು ಪೊಲೀಸರಾದವರಿಂದ ಗುಂಪುಗಳು ಒಡೆಯುತ್ತವೆ.

ವಾರದ ನಡುವೆ ಇನ್ನೊಂದು ಸಣ್ಣ ವ್ಯವಸ್ಥೆ ಇದೆ. ಗುರುವಾರದಿಂದ ಗುರುವಾರಕ್ಕೆ ಏಳು ದಿನ. ಮೊದಲ ಐದು ದಿನ ಮರೆತು ಬುಧವಾರ ರಾತ್ರಿ ಗಾಬರಿಯಾಗುವುದು ಸಹಜ, ಪರೀಕ್ಷೆಯ ಹಿಂದಿನ ರಾತ್ರಿ ಓದಿದವರಿಗೆ ಇದು ಗೊತ್ತು. ಅದಕ್ಕೆ ಸೋಮವಾರ ಬೆಳಿಗ್ಗೆ ಪ್ರತಿಯೊಬ್ಬರೂ ವಾಟ್ಸಾಪಿನಲ್ಲಿ ಒಂದೇ ಪದ ಹಾಕಬೇಕು: "ಶುರು" ಅಥವಾ "ಇನ್ನೂ ಇಲ್ಲ." ಅದಕ್ಕೆ ಯಾರೂ ಉತ್ತರ ಕೊಡಬಾರದು. ಹೆಬ್ಬೆರಳಿನ ಚಿತ್ರ, ಚಪ್ಪಾಳೆ, ಶುಭೋದಯ, ಯಾವುದೂ ಇಲ್ಲ. ಹೊಗಳಿಕೆ ಶುರುವಾದರೆ "ಇನ್ನೂ ಇಲ್ಲ" ಎಂದು ಬರೆಯುವವರು ಸುಮ್ಮನಾಗಿಬಿಡುತ್ತಾರೆ. ಗುರುವಾರ ಬರಲಾಗದವರೂ ಇದೇ ರೀತಿ ನಾಲ್ಕು ಸಾಲನ್ನು ಬರೆದು ಒಂದು ಗಂಟೆಯೊಳಗೆ ಕಳಿಸಬೇಕು. ನಾಲ್ಕು ಸಾಲು ಇಲ್ಲದೆ, ಕಾರಣವೂ ಹೇಳದೆ ಎರಡು ವಾರ ಬಾರದವರನ್ನು ಸಭೆ ನಡೆಸುವವರು ಒಬ್ಬರೇ ಹೋಗಿ ಕಂಡು, ಮುಂದುವರಿಯುತ್ತೀರಾ ಎಂದು ಕೇಳುತ್ತಾರೆ. ಬಿಡುವುದಾದರೆ ಬಿಡಬಹುದು, ಮುನಿಸಿಲ್ಲ.

ಗುಂಪು ಹದಗೆಡುತ್ತಿದೆ ಎಂದು ನೋಟ್‌ಬುಕ್ಕೇ ಹೇಳುತ್ತದೆ. ನಾಲ್ಕು ವಾರ ಎಲ್ಲರದೂ "ಆಯಿತು" ಎಂದೇ ಇದ್ದರೆ ಸಂತೋಷಪಡಬೇಡಿ, ಮಾತುಗಳು ಸಣ್ಣದಾಗಿವೆ. ಹೇಗಿದ್ದರೂ ಮಾಡುವ ಕೆಲಸವನ್ನೇ ಜನ ಬರೆಸುತ್ತಿದ್ದಾರೆ. ಅರ್ಧಕ್ಕಿಂತ ಹೆಚ್ಚು "ಇಲ್ಲ" ಬರುತ್ತಿದ್ದರೆ ಆಸೆಯನ್ನು ಬರೆಸುತ್ತಿದ್ದಾರೆ, ವಾರವನ್ನಲ್ಲ. ನಮ್ಮ ಪುಟಗಳಲ್ಲಿ ಮೂರಕ್ಕೆ ಎರಡು "ಆಯಿತು" ಇದ್ದ ವಾರಗಳಲ್ಲೇ ಕೆಲಸ ಹೆಚ್ಚು ಮುಂದೆ ಹೋಗಿದೆ ಎಂಬುದು ನನ್ನ ಅನಿಸಿಕೆ, ಅದು ಲೆಕ್ಕ ಹಾಕಿ ಸಾಧಿಸಿದ್ದಲ್ಲ. ಇನ್ನೊಂದು ಗುರುತು, ಕೊನೆಯ ಹತ್ತು ನಿಮಿಷ ಹಿಗ್ಗಿ ಇಪ್ಪತ್ತಾಗಿ, ಅಲ್ಲಿ ಮ್ಯಾನೇಜರುಗಳ ಕಥೆ ನಡೆಯುತ್ತಿರುವುದು. ಆ ಕಥೆ ರುಚಿಯಾಗಿರುತ್ತದೆ, ನಾನೂ ಕೇಳಿದ್ದೇನೆ. ಆದರೆ ಅದು ಕ್ಯಾಂಟೀನಿಗೆ ಸೇರಿದ್ದು. ಸಭೆ ನಡೆಸುವವರು ಗಡಿಯಾರ ತೋರಿಸಿ ಎದ್ದು ನಿಂತರೆ ಸಾಕು.

ಹನ್ನೆರಡು ವಾರಕ್ಕೆ ಗುಂಪನ್ನು ಮುಗಿಸಬೇಕು. ಮುಂದುವರಿಸುವುದಿದ್ದರೂ ಒಮ್ಮೆ ಮುಗಿಸಿ, ಒಂದು ವಾರ ಬಿಟ್ಟು, ಬೇಕಾದವರು ಮತ್ತೆ ಸೇರಬೇಕು. ಕೊನೆಯ ದಿನವೇ ಗೊತ್ತಿಲ್ಲದಿದ್ದರೆ ಬಿಡಬೇಕೆನಿಸಿದವರು ಹೇಳಲಾರದೆ ಸುಮ್ಮನೆ ತಪ್ಪಿಸಿಕೊಳ್ಳಲು ಶುರು ಮಾಡುತ್ತಾರೆ. ನಮ್ಮ ಮೊದಲ ಸುತ್ತು ಮುಗಿದಾಗ ಎಂ.ಟೆಕ್. ಗೆಳೆಯ ಬಿಟ್ಟ. ಅವನ ಪ್ರಬಂಧ ಮುಗಿದಿರಲಿಲ್ಲ. ಮೂರು ಅಧ್ಯಾಯ ಆಗಿತ್ತು, ಎರಡು ಬಾಕಿ. ಈ ರೀತಿ ವಾರ ವಾರ ಹೇಳುವುದು ತನಗೆ ಹಿಡಿಸಲಿಲ್ಲ, ಗೈಡಿನ ಜೊತೆ ನೇರವಾಗಿ ಗಡುವು ಹಾಕಿಕೊಳ್ಳುತ್ತೇನೆ ಎಂದ. ಎಲ್ಲರಿಗೂ ಈ ಸಭೆ ಒಗ್ಗುವುದಿಲ್ಲ. ಹಿರಿಯರು ಉಳಿದರು, ಊಟವಾದ ಮೇಲೆ ಇಪ್ಪತ್ತು ನಿಮಿಷ ಕಚೇರಿಯ ಸುತ್ತ ನಡೆಯುತ್ತಾರೆ. ಪೌತಿ ಖಾತೆಯ ಅರ್ಜಿ ನಾಡಕಚೇರಿಯಲ್ಲಿದೆ. ನಾನು ಪರೀಕ್ಷೆ ಬರೆದಾಯಿತು. ಎಂ.ಟೆಕ್. ಗೆಳೆಯನ ಜಾಗಕ್ಕೆ ಹೊಸಬರೊಬ್ಬರು ಬಂದಿದ್ದಾರೆ.

ನಿನ್ನೆ ಸಂಜೆ ನಮ್ಮ ಗಣಿತದ ಮೇಷ್ಟ್ರು, "ಶಿಕ್ಷಕರು ಇಂಥದ್ದು ಮಾಡಿಕೊಳ್ಳಬಹುದಾ?" ಎಂದು ಕೇಳಿದರು. ಮಾಡಬಹುದು ಸಾರ್. ಆದರೆ ಇಲಾಖೆಯ ಸಭೆಯ ದಿನ ಬೇಡ, ಮುಖ್ಯೋಪಾಧ್ಯಾಯರು ಗುಂಪಿನಲ್ಲಿ ಬೇಡ, ಅವರು ಇಲ್ಲೇ ಇದ್ದಾರೆ, ಬೇಜಾರು ಮಾಡಿಕೊಳ್ಳಬಾರದು. ಇಲಾಖೆ ವಹಿಸಿದ ಕೆಲಸವನ್ನೂ ಬರೆಯುವುದು ಬೇಡ. ನಾಲ್ಕೈದು ಶಿಕ್ಷಕರು, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಮೊದಲ ದಿನ ಯಾರ ಮಾತೂ ಒಂದು ಸಾಲಿಗಿಂತ ಉದ್ದವಾಗದಂತೆ ನೋಡಿಕೊಳ್ಳಿ. ನಮ್ಮ ನೋಟ್‌ಬುಕ್ಕಿನ ಖಾಲಿ ಪುಟದ ಮಾದರಿಯನ್ನು ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿ ತಂದಿದ್ದೇನೆ, ಆಫೀಸಿನ ಮೇಜಿನ ಮೇಲೆ ಇಟ್ಟಿದ್ದೇನೆ, ಬೇಕಾದವರು ತೆಗೆದುಕೊಳ್ಳಬಹುದು.